ಕಾಲು ಗಂಟೆ ಮುಂದಿನ ಗಡಿಯಾರ

ಗೇಟಿನ ಬಳಿ ಸಾಲು ಅಲುಗಾಡುತ್ತಿರಲಿಲ್ಲ. ಮುಂದೆ ನಿಂತಿದ್ದ ಹುಡುಗನ ತುಂಬುತೋಳಿನ ಅಂಗಿಯನ್ನು ಹೋಮ್‌ಗಾರ್ಡ್ ಒಬ್ಬ ಕತ್ತರಿಯಿಂದ ಮೊಣಕೈವರೆಗೆ ಕತ್ತರಿಸುತ್ತಿದ್ದ. ಹುಡುಗ ಬೇರೆಯವರ ಕೈ ಅದು ಎಂಬಂತೆ ಮುಖ ಆಚೆ ತಿರುಗಿಸಿ ನಿಂತಿದ್ದ.

"ಹೊಸ ಅಂಗಿ ಕಣ್ರೀ ಅದು," ಎಂದ ಕೊನೆಗೆ.

"ಹಾಲ್ ಟಿಕೆಟ್ ಹಿಂದೆ ಬರ್ದಿದೆ, ಓದ್ಬೇಕಿತ್ತು."

ಗಗನಾ ಓದಿದ್ದಳು. ಅವಳದು ಅರ್ಧತೋಳಿನ ಚೂಡಿದಾರ, ಜೇಬಿಲ್ಲ, ದೊಡ್ಡ ಗುಂಡಿಗಳಿಲ್ಲ. ಕಾಲಲ್ಲಿ ಚಪ್ಪಲಿ. ಕಿವಿಯೋಲೆ ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದಳು. ಒಳಗಿನ ರೀಫಿಲ್ ಕಾಣುವಂಥ ಎರಡು ಬಾಲ್ ಪೆನ್ನು. ನೀರಿನ ಬಾಟಲಿಯ ಸುತ್ತ ಅಂಟಿಸಿದ್ದ ಲೇಬಲನ್ನು ರಾತ್ರಿ ಬಿಸಿನೀರಲ್ಲಿ ನೆನೆಸಿ ಸುಲಿದು, ಅಂಟು ಉಳಿಯದ ಹಾಗೆ ಉಜ್ಜಿದ್ದಳು. ಲೇಬಲ್ಲಿನ ಒಳಮೈಯಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡು ಬರುವವರಿದ್ದಾರೆ, ಆದ್ದರಿಂದ ಲೇಬಲ್ ಬೇಡ. ಪೆನ್ನಿನ ಕೊಳವೆಯೊಳಗೆ ಚೀಟಿ ಸುತ್ತಿಡಬಹುದು, ಆದ್ದರಿಂದ ಪೆನ್ನು ಪಾರದರ್ಶಕವಾಗಿರಬೇಕು. ಒಂದೊಂದು ನಿಯಮದ ಹಿಂದೆಯೂ ಯಾವನೋ ಒಬ್ಬ ಎಲ್ಲೋ ಮಾಡಿದ ಒಂದು ಕಳ್ಳತನವಿದೆ ಎಂದು ಅವಳಿಗೆ ಗೊತ್ತಿತ್ತು. ನಿಯಮಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಒಂದನ್ನು ಬಿಟ್ಟು.

"ವಾಚ್ ಬಿಚ್ಚಿ," ಎಂದಳು ಹೆಂಗಸರ ಸಾಲನ್ನು ತಪಾಸಣೆ ಮಾಡುತ್ತಿದ್ದ ಕಾನ್‌ಸ್ಟೇಬಲ್. ಎದೆಯ ಮೇಲಿನ ಪಟ್ಟಿಯಲ್ಲಿ ಮೇಘಶ್ರೀ ಎಂದಿತ್ತು.

"ಇದು ಮುಳ್ಳಿಂದು ಮೇಡಂ. ಕೀ ಕೊಡೋದು. ಬ್ಯಾಟರಿನೂ ಇಲ್ಲ."

"ಇರ್ಲಿ. ಬಿಚ್ಚಿ."

"ಸ್ಮಾರ್ಟ್ ವಾಚ್ ಬೇಡ ಅಂದ್ರೆ ಸರಿ. ಇದ್ರಲ್ಲಿ ಎಂತ ಇರುತ್ತೆ ಹೇಳಿ?"

ಮೇಘಶ್ರೀ ಆ ವಾಚನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದಳು. "ಇದ್ರಲ್ಲಿ ಏನೂ ಇಲ್ದೆ ಇರ್ಬೋದು. ಆದ್ರೆ ಹಿಂದಿನ ಮುಚ್ಚಳ ಬಿಚ್ಚಿ ನೋಡೋಕೆ ನಂಗೆ ಬರುತ್ತಾ? ಮುಳ್ಳಿನ ವಾಚೊಳಗೇ ಕ್ಯಾಮೆರಾ, ಸಿಮ್ ಇಟ್ಕೊಂಡು ಬರ್ತಾರಂತೆ. ಸಾಲು ನೋಡಿ ಎಷ್ಟುದ್ದ ಇದೆ. ಒಬ್ಬೊಬ್ರ ವಾಚ್ ನೋಡಿ ಇದು ಒಳ್ಳೇದು, ಇದು ಕೆಟ್ಟದ್ದು ಅಂತ ನಾನು ಹೇಳ್ತಾ ಕೂತ್ರೆ ಪರೀಕ್ಷೆ ನಾಳೆ ಶುರುವಾಗುತ್ತೆ. ಅದ್ಕೇ ಯಾವ್ದೂ ಬೇಡ ಅಂದಿರೋದು."

ಸಾಲಿನ ಹಗ್ಗದಾಚೆ ನಿಂತಿದ್ದ ಯೋಗೇಶ್ ನಕ್ಕ. ಗಗನಾಳ ಚಿಕ್ಕಪ್ಪನ ಮಗ ಅವನು; ಕೊಟ್ಟಿಗೆಹಾರದಲ್ಲಿ ಜೀಪು ಓಡಿಸುತ್ತಾನೆ. ಜಾವಳಿಯಿಂದ ಅವಳನ್ನು ಬೆಳಿಗ್ಗೆ ಕರೆತಂದವನು ಅವನೇ. "ಕೊಡೆ ಅಕ್ಕ ಇತ್ಲಾಗೆ. ಅದ್ರಲ್ಲಿ ಕ್ಯಾಮೆರಾ ಇದ್ದಿದ್ರೆ ನಿನ್ನ ಮುಖ ನೋಡಿ ಇಷ್ಟು ಹೊತ್ತಿಗೆ ಒಡ್ದು ಹೋಗಿರೋದು."

"ಮುಚ್ಚು ಬಾಯಿ."

"ಒಳಗೆ ಗೋಡೆ ಗಡಿಯಾರ ಇದೆಯಮ್ಮ," ಎಂದಳು ಮೇಘಶ್ರೀ, ಸ್ವಲ್ಪ ಮೆತ್ತಗೆ. "ಒಂದೊಂದು ರೂಮಿಗೂ ಒಂದೊಂದು. ವಾಚ್ ಕಿತ್ಕೊಂಡ ಮೇಲೆ ಟೈಮ್ ಕೊಡ್ಬೇಕಲ್ಲ, ಅದ್ನೂ ಕೊಟ್ಟಿದಾರೆ."

ಗಗನಾ ವಾಚನ್ನು ಯೋಗೇಶನಿಗೆ ಕೊಟ್ಟಳು. ಎಡ ಮಣಿಕಟ್ಟು ಬರಿದಾದದ್ದೇ ಒಂಥರಾ ಕಸಿವಿಸಿ. ಅವಳ ಹಿಂದೆ ನಿಂತಿದ್ದ ಹುಡುಗಿ ಅಂಗಡಿಯಲ್ಲಿ ಲೆಕ್ಕ ಹಾಕುವಂಥ ಸಾದಾ ಕ್ಯಾಲ್ಕುಲೇಟರ್ ತಂದಿದ್ದಳು. ಕೂಡಿ ಕಳೆಯುವುದು ಬಿಟ್ಟು ಬೇರೇನೂ ಬರದು ಎಂದು ಅವಳೂ ವಾದಿಸುತ್ತಿದ್ದಳು. ಶೇಕಡಾ, ಬಡ್ಡಿ, ಸರಾಸರಿ ಎಲ್ಲ ತಲೆಯಲ್ಲೇ ಮಾಡಬೇಕೆಂಬುದೇ ಈ ಪರೀಕ್ಷೆಯ ಅರ್ಧ ಉದ್ದೇಶ ಎಂದು ಆ ಹುಡುಗಿಗೆ ಹೇಳಬೇಕೆನ್ನಿಸಿತು ಗಗನಾಳಿಗೆ. ಸಾಲು ಮುಂದೆ ಸರಿಯಿತು.

*

ಗಗನಾಳಿಗೆ ಈ ಪರೀಕ್ಷೆ ಹೊಸದಲ್ಲ. ಗ್ರಾಮ ಮಟ್ಟದ ಕಂದಾಯ ಹುದ್ದೆಗೆ ಹಿಂದಿನ ಸಲ ಕರೆದಾಗಲೂ ಬರೆದಿದ್ದಳು. ಆಗ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗಿ, ಉತ್ತರ ಹಾಳೆಯಲ್ಲಿ ಆ ಸಾಲನ್ನು ಬಿಡಲು ಮರೆತು, ಅಲ್ಲಿಂದ ಮುಂದಿನ ಒಂಬತ್ತು ಉತ್ತರಗಳನ್ನು ಒಂದೊಂದು ಸಾಲು ಮೇಲಕ್ಕೆ ತುಂಬಿದ್ದಳು. ಬಾಲ್ ಪೆನ್ನಿನ ಶಾಯಿ ಅಳಿಸುವಂತಿಲ್ಲ. ಆಮೇಲೆ ಯಾರೂ ತಿದ್ದಬಾರದೆಂದೇ ಆ ಪೆನ್ನು. ಎರಡೂವರೆ ಅಂಕಕ್ಕೆ ಹುದ್ದೆ ಕೈತಪ್ಪಿತು. ಆಮೇಲೆ ಕರೆಯಲು ಸರ್ಕಾರ ವರ್ಷಗಟ್ಟಲೆ ತೆಗೆದುಕೊಂಡಿತು.

ಈ ನಡುವೆ ಅವಳು ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟೊಂದರ ಆಫೀಸಿನಲ್ಲಿ ರೈಟರ್ ಕೆಲಸ ಹಿಡಿದಿದ್ದಳು. ಬೆಳಿಗ್ಗೆ ಮಳೆಮಾಪಕ ನೋಡುವುದು, ಕಣದಲ್ಲಿ ಒಣಗುವ ಪಾರ್ಚ್‌ಮೆಂಟ್ ಕಾಫಿಬೀಜದ ತೇವಾಂಶ ನೋಡುವುದು, ಚೀಲಗಳ ತೂಕ ಬರೆಯುವುದು. ಬಿ.ಎಸ್ಸಿ. ಓದಿದ ಹುಡುಗಿ ಎಂದು ಯಜಮಾನರು ಇಂಥದ್ದನ್ನೆಲ್ಲ ಅವಳಿಗೇ ಒಪ್ಪಿಸಿದ್ದರು. ಈಗ ಅವರು ತೋಟ ಮಾರುತ್ತಿದ್ದಾರೆ. ಕೊಳ್ಳುವವರಿಗೆ ಕಾಫಿಗಿಂತ ಕಾಟೇಜುಗಳ ಮೇಲೆ ಕಣ್ಣು. ಈ ಕುಯ್ಲು ಮುಗಿದರೆ ರೈಟರ್ ಬೇಡ. ಈ ಪರೀಕ್ಷೆ ಪಾಸಾಗಲೇಬೇಕಿತ್ತು, ಅಷ್ಟೇ.

ಆದ್ದರಿಂದ ಈ ಸಲ ಅವಳು ಕ್ರಮ ಬದಲಿಸಿದ್ದಳು. ಮೊದಲು ನೂರೂ ಪ್ರಶ್ನೆಗಳನ್ನು ಬಿಡಿಸಿ, ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಚಿತ್ತು ಬರಹಕ್ಕೆಂದು ಬಿಟ್ಟ ಪುಟದಲ್ಲಿ ಸಂಖ್ಯೆ, ಅದರ ಮುಂದೆ ಉತ್ತರದ ಅಕ್ಷರ ಬರೆದುಕೊಳ್ಳುವುದು. ಕೊನೆಯ ಇಪ್ಪತ್ತೈದು ನಿಮಿಷ ಬೇರೇನೂ ಮಾಡದೆ, ಸಾಲು ಸಾಲಾಗಿ ನೋಡಿಕೊಂಡು ಉತ್ತರ ಹಾಳೆಯ ವೃತ್ತಗಳನ್ನು ತುಂಬುವುದು. ಮನೆಯಲ್ಲಿ ಹತ್ತಾರು ಹಳೆಯ ಪತ್ರಿಕೆಗಳನ್ನು ಹೀಗೇ ಬಿಡಿಸಿ ನೋಡಿದ್ದಳು. ಒಂದು ಸಾಲೂ ತಪ್ಪಿರಲಿಲ್ಲ. ಈ ಕ್ರಮಕ್ಕೆ ಬೇಕಾದದ್ದು ಒಂದೇ, ಸರಿಯಾದ ಹೊತ್ತು. ಅದಕ್ಕೇ ಆ ವಾಚು.

ಮೂಡಿಗೆರೆಯ ಈ ಕೇಂದ್ರ ಅವಳೇ ಓದಿದ ಹೈಸ್ಕೂಲು. ಸಾಲು ಕರಗಿ, ಎಂಟನೇ ಕೋಣೆಗೆ ಬಂದು, ಕಿಟಕಿ ಪಕ್ಕದ ತನ್ನ ಬೆಂಚು ಹುಡುಕಿ ಕೂತು ತಲೆ ಎತ್ತಿದರೆ, ಕರಿಹಲಗೆಯ ಮೇಲ್ಗಡೆ ಅವಳು ಓದುವಾಗ ಇದ್ದ ಅದೇ ಗಡಿಯಾರ. ಮರದ ಚೌಕಟ್ಟು, ಕೆಳಮೂಲೆಯಲ್ಲಿ ಬಿರುಕು ಬಿಟ್ಟ ಗಾಜು, ಯಾವುದೋ ಸಹಕಾರ ಸಂಘ ಕೊಟ್ಟದ್ದೆಂದು ಅರ್ಧ ಅಳಿಸಿದ ಅಕ್ಷರ. ಅವಳಿಗೆ ನಗು ಬಂತು.

ಈ ಗಡಿಯಾರ ಯಾವಾಗಲೂ ಕಾಲು ಗಂಟೆ ಮುಂದೆ. ಕೆಟ್ಟು ಹಾಗಾದದ್ದಲ್ಲ, ಬೇಕೆಂದೇ ಹಾಗಿಟ್ಟದ್ದು. ಜಾವಳಿ ಕಡೆಯ ಸಂಜೆಯ ಬಸ್ಸು ಶಾಲೆ ಬಿಡುವ ಸರ್ಕಾರಿ ಹೊತ್ತಿಗಿಂತ ಮೊದಲೇ ಹೊರಡುತ್ತಿತ್ತು. ಬಸ್ಸಿನ ಹೊತ್ತು ಬದಲಿಸಲು ಯಾರಿಗೂ ಆಗದೆ, ಹಿಂದಿನ ಹೆಡ್‌ಮಾಸ್ಟರೊಬ್ಬರು ಗಡಿಯಾರವನ್ನೇ ಬದಲಿಸಿದರು. ಬೆಳಿಗ್ಗೆಯೂ ಕಾಲು ಗಂಟೆ ಮುಂಚೆ ಶುರು, ಸಂಜೆಯೂ ಕಾಲು ಗಂಟೆ ಮುಂಚೆ ಬಿಡುವುದು, ಯಾರಿಗೂ ನಷ್ಟವಿಲ್ಲ. ಅಟೆಂಡರ್ ಗುರುವಯ್ಯ ಇದನ್ನೇ ನೋಡಿ ಗಂಟೆ ಹೊಡೆಯುತ್ತಿದ್ದ. ಗಡಿಯಾರ ನೋಡಿದೊಡನೆ ಕಾಲು ಗಂಟೆ ಕಳೆಯುವುದು ಜಾವಳಿ ಕಡೆಯ ಮಕ್ಕಳಿಗೆಲ್ಲ ಎಂಟನೇ ತರಗತಿಯಲ್ಲೇ ಬಂದುಬಿಡುತ್ತಿತ್ತು.

ವಾಚು ಹೋದದ್ದರ ಕಸಿವಿಸಿ ಕಡಿಮೆಯಾಯಿತು. ಕೋಣೆಯ ಉಳಿದವರು, ಕಳಸದವರೋ ತರೀಕೆರೆಯವರೋ, ಈ ಗಡಿಯಾರವನ್ನು ನಂಬಿ ಕಾಲು ಗಂಟೆ ಮುಂಚೆಯೇ ಗಾಬರಿಯಾಗುತ್ತಾರೆ ಎಂದುಕೊಂಡಳು. ಪಾಪ ಎನ್ನಿಸಿತು. ಮೇಲ್ವಿಚಾರಕಿಗೆ ಹೇಳೋಣವೇ ಎಂದು ಒಂದು ಕ್ಷಣ ಯೋಚಿಸಿದಳು. ಆದರೆ ಆ ಹೆಂಗಸು ಕೈಯಲ್ಲಿ ಉತ್ತರ ಹಾಳೆಗಳ ಕಟ್ಟು ಹಿಡಿದು, "ಯಾರೂ ಮಾತಾಡೋ ಹಾಗಿಲ್ಲ" ಎಂದು ಆಗಲೇ ಶುರು ಮಾಡಿದ್ದಳು.

ಕರಿಹಲಗೆಯ ಮೇಲೆ ದುಂಡಗೆ ಬರೆದಿತ್ತು: ಆರಂಭ 10.30. ಮುಕ್ತಾಯ 12.30.

*

ಆರಂಭದ ಗಂಟೆ ಹೊಡೆದಾಗ ಗಗನಾ ಪ್ರಶ್ನೆಪತ್ರಿಕೆಯ ಸೀಲನ್ನು ಪೆನ್ನಿನ ತುದಿಯಿಂದ ಎಬ್ಬಿಸುತ್ತಿದ್ದಳು. ಗಡಿಯಾರ ನೋಡಲಿಲ್ಲ.

ಪತ್ರಿಕೆ ಚೆನ್ನಾಗಿತ್ತು. ಮೊದಲ ಪುಟ ಮುಗಿಯುವಷ್ಟರಲ್ಲಿ ಅದು ತಿಳಿದುಹೋಯಿತು. ಗೊತ್ತಿಲ್ಲದ್ದು ಬಂದರೂ ಗೊತ್ತಿಲ್ಲ ಎಂದು ತಕ್ಷಣ ಗೊತ್ತಾಗುವಂಥ ಪ್ರಶ್ನೆಗಳು, ಅನುಮಾನದಲ್ಲಿ ಎಳೆದಾಡುವಂಥವಲ್ಲ. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ, ಆದ್ದರಿಂದ ಊಹೆ ಬೇಡ. ಲೆಕ್ಕಗಳಿಗೆ ಅವಳು ಅವಸರ ಮಾಡಲಿಲ್ಲ. ಹೊತ್ತಿದೆ.

ಅರ್ಧ ಸಮಯ ಮುಗಿದ ಗಂಟೆ ಹೊಡೆದಾಗ ಅವಳು ಒಂದು ದೊಡ್ಡ ಗದ್ಯಭಾಗದ ನಡುವಿನಲ್ಲಿದ್ದಳು. ಅದರ ಪ್ರಶ್ನೆಗಳನ್ನೆಲ್ಲ ಮುಗಿಸಿಯೇ ತಲೆ ಎತ್ತಿದ್ದು. ಗಡಿಯಾರದಲ್ಲಿ ಹನ್ನೊಂದೂವರೆ ದಾಟಿ ಐದಾರು ನಿಮಿಷ. ಅಂದರೆ ಹನ್ನೊಂದೂ ಇಪ್ಪತ್ತರ ಆಸುಪಾಸು. ಹಾಗಾದರೆ ಅರ್ಧದ ಗಂಟೆ ಈಗಲೇ ಹೇಗೆ ಹೊಡೆಯಿತು ಎಂಬ ಪ್ರಶ್ನೆ ತಲೆಯಲ್ಲಿ ಸುಳಿಯಿತು. ಗುರುವಯ್ಯನಿಗೆ ವಯಸ್ಸಾಯಿತು, ಏನೋ ನೋಡಿ ಏನೋ ಹೊಡೆದಿರಬೇಕು ಎಂದುಕೊಂಡು ಪುಟ ತಿರುಗಿಸಿದಳು. ಪ್ರಯೋಗಾಲಯದಲ್ಲಿ ಒಂದು ಅಳತೆ ಉಳಿದವುಗಳ ಜೊತೆ ಹೊಂದದಿದ್ದರೆ ಅದನ್ನು ಎಸೆಯಬಾರದು, ನಿಂತು ಏಕೆಂದು ನೋಡಬೇಕು. ಅವಳಿಗದು ಗೊತ್ತಿತ್ತು. ಆದರೆ ಮುಂದಿನ ಪುಟದಲ್ಲಿ ರೈಲಿನ ವೇಗದ ಲೆಕ್ಕವೊಂದು ಅರ್ಧ ಬಿಡಿಸಿದ ಹಾಗೇ ಕಾಣುತ್ತಿತ್ತು.

ನೂರನೇ ಪ್ರಶ್ನೆ ಮುಗಿಯಿತು. ಬಿಟ್ಟಿದ್ದ ಕೆಲವಕ್ಕೆ ಮರಳಿದಳು; ಎರಡು ಹೊಳೆದವು. ಒಂದರಲ್ಲಿ ತಪ್ಪು ಕಂಡು ತಿದ್ದಿಕೊಂಡಳು. ಕೊನೆಯ ಪುಟದಲ್ಲಿ ಅಕ್ಷರಗಳು ನಾಲ್ಕು ಕಂಬಸಾಲುಗಳಲ್ಲಿ ಒಪ್ಪವಾಗಿ ನಿಂತಿದ್ದವು. ಈ ಸಲ ಆಯಿತು ಎನ್ನಿಸಿತು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಮುಚ್ಚಳ ತಿರುಗಿಸಿ, ಕೈಬೆವರನ್ನು ದುಪಟ್ಟಾದಿಂದ ಒರೆಸಿಕೊಂಡು ಮೇಲೆ ನೋಡಿದಳು. ಹನ್ನೆರಡೂ ಇಪ್ಪತ್ತು. ಕಾಲು ಗಂಟೆ ಕಳೆದರೆ ಹನ್ನೆರಡೂ ಐದು. ತಾನು ಅಂದುಕೊಂಡಷ್ಟೇ ಹೊತ್ತು ಉಳಿದಿದೆ. ಉತ್ತರ ಹಾಳೆಯನ್ನು ಮುಂದೆಳೆದುಕೊಂಡಳು.

ಹೊರಗೆ ಗಂಟೆ ಹೊಡೆಯಿತು. ಎರಡೆರಡು ಸಲ, ಬಿಡಿಸಿ ಬಿಡಿಸಿ.

"ಕೊನೇ ಹತ್ತು ನಿಮಿಷ," ಎಂದಳು ಮೇಲ್ವಿಚಾರಕಿ. "ಉತ್ತರ ತುಂಬದವರು ತುಂಬಿ."

ಗಗನಾ ಅವಳ ಮುಖ ನೋಡಿದಳು. ಗಡಿಯಾರ ನೋಡಿದಳು. ಮುಳ್ಳುಗಳು ಅಲ್ಲೇ ಇದ್ದವು. ಅವುಗಳ ಅರ್ಥ ಮಾತ್ರ ಕಾಲು ಗಂಟೆ ಆಚೆ ಸರಿದುಬಿಟ್ಟಿತ್ತು.

"ಮೇಡಂ, ಈ ಗಡಿಯಾರ..."

"ಮಾತಾಡ್ಬೇಡಿ. ಬರೀರಿ."

ಬರೆದಳು. ಒಂದು ವೃತ್ತವನ್ನು ಅಂಚಿನ ಒಳಗೆ ಪೂರ್ತಿ ಕಪ್ಪಾಗುವಂತೆ ತುಂಬಲು ಬಾಲ್ ಪೆನ್ನಿನ ಸಣ್ಣ ಮೊನೆಯಿಂದ ನಾಲ್ಕೈದು ಸುತ್ತು ಬೇಕು. ಅರೆಬರೆ ತುಂಬಿದರೆ ಯಂತ್ರ ಓದುವುದಿಲ್ಲ. ಅಕ್ಷರ ನೋಡು, ಸಾಲು ನೋಡು, ಸುತ್ತು. ಅಕ್ಷರ ನೋಡು, ಸಾಲು ನೋಡು. ಮೊದಲ ಕಂಬಸಾಲು ಮುಗಿದಾಗ ಬೆರಳು ನೋಯುತ್ತಿತ್ತು. ಹಿಂದಿನ ಸಲದ ಸಾಲು ತಪ್ಪಿದ ನೆನಪು ಕೈಯನ್ನು ಹಿಡಿದು ನಿಧಾನ ಮಾಡುತ್ತಿತ್ತು. ಬೇಗ ಮಾಡು ಎಂದರೆ ತಪ್ಪುತ್ತದೆ, ತಪ್ಪಬಾರದು ಎಂದರೆ ಬೇಗ ಆಗುವುದಿಲ್ಲ. ಎರಡನೇ ಕಂಬಸಾಲು. ಪೆನ್ನು ಬೆವರಿಗೆ ಜಾರಿತು. ಎತ್ತಿಕೊಳ್ಳಲು ಬಗ್ಗಲಿಲ್ಲ, ಇನ್ನೊಂದು ಪೆನ್ನು ತೆಗೆದಳು. ಅದು ಮೊದಲು ಸ್ವಲ್ಪ ಹೊತ್ತು ಮೂಡಲಿಲ್ಲ.

ಕೊನೆಯ ಗಂಟೆ ಉದ್ದಕ್ಕೆ ಹೊಡೆಯಿತು.

"ಪೆನ್ನು ಕೆಳಗಿಡಿ. ಎಲ್ರೂ."

ಗಗನಾ ಇಡಲಿಲ್ಲ. ಅರವತ್ತನಾಲ್ಕು ಆಗಿತ್ತು. ಅರವತ್ತೈದರ ಮೇಲೆ ಮೊನೆ ಇಟ್ಟಿದ್ದಳು. ಮೇಲ್ವಿಚಾರಕಿ ಬಂದು ಉತ್ತರ ಹಾಳೆಯ ಮೇಲಂಚನ್ನು ಹಿಡಿದಳು, ಎಳೆಯಲಿಲ್ಲ. ಹಿಡಿದು ನಿಂತಳು. "ಇನ್ನು ಒಂದು ಗೆರೆ ಹಾಕಿದ್ರೂ ನಾನು ರಿಪೋರ್ಟ್ ಮಾಡ್ಬೇಕಾಗುತ್ತೆ," ಎಂದಳು, ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ. "ಬಿಡಿ."

ಬಿಟ್ಟಳು. ಕೊನೆಯ ಪುಟದಲ್ಲಿ ಮೂವತ್ತಾರು ಅಕ್ಷರಗಳು ಹಾಗೇ ಉಳಿದವು. ಸರಿಯೋ ತಪ್ಪೋ, ಅವುಗಳಿಗೆ ಇನ್ನು ಬೆಲೆಯಿಲ್ಲ.

*

ಹಾಳೆಗಳನ್ನು ಎಣಿಸಿ, ಅಡಿಯ ಕಾರ್ಬನ್ ಪ್ರತಿಯನ್ನು ಹರಿದು ಕೈಗೆ ಕೊಟ್ಟಾಗಿತ್ತು. ಉಳಿದವರು ಹೊರಗೆ ಹೋದ ಮೇಲೂ ಗಗನಾ ಕೋಣೆಯಲ್ಲೇ ನಿಂತಿದ್ದಳು. ಹಾಳೆಗಳ ಕಟ್ಟು ಒಯ್ಯಲು ಗುರುವಯ್ಯ ಬಂದಿದ್ದ.

"ಗುರುವಯ್ಯ, ಈ ಗಡಿಯಾರ ಯಾವಾಗಿಂದ ಸರಿಯಾಯ್ತು?"

ಮುದುಕ ಅವಳನ್ನು ಗುರುತು ಹಿಡಿಯಲು ಕಣ್ಣು ಕಿರಿದು ಮಾಡಿದ. "ಓ, ಜಾವಳಿ ಕೃಷ್ಣಪ್ಪನೋರ ಮಗಳಲ್ವಾ? ಬೆಳಿಗ್ಗೆ ಮೇಡಮ್ಮೋರು ತಿರುಗ್ಸಿದ್ರು ಕಣವ್ವ. ನಾ ಹೇಳ್ದೆ, ಅದು ಹಂಗೇ ಇರೋದು, ಬಸ್ಸಿಗೆ ಅಂತ. ಅವ್ರು ನಕ್ರು."

ಮೇಲ್ವಿಚಾರಕಿಯ ಹೆಸರು ಪ್ರೇಮಲತಾ. ದಾವಣಗೆರೆ ಕಡೆಯಿಂದ ಈ ವರ್ಷವಷ್ಟೇ ವರ್ಗವಾಗಿ ಬಂದ ಗಣಿತದ ಶಿಕ್ಷಕಿ. ಅವಳು ಕಟ್ಟಿನ ಮೇಲೆ ಸೀಲು ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ನಗದೆ ಇನ್ನೇನು ಮಾಡ್ಲಿ? ಪರೀಕ್ಷೆ ಕೋಣೇಲಿ ಕಾಲು ಗಂಟೆ ಮುಂದಿರೋ ಗಡಿಯಾರ ಇಟ್ಕೊಂಡು ಕೂರ್ಲಾ? ಬೇರೆ ಕೋಣೆಗಳಿಗೆಲ್ಲ ಹೊಸದು ತಂದ್ರು, ಇಲ್ಲಿಗೆ ಸಾಲ್ಲಿಲ್ಲ. ಮೊಬೈಲ್ ಒಪ್ಪಿಸೋಕೆ ಮುಂಚೆ ನೋಡಿ ಸರಿ ಮಾಡ್ದೆ. ಹಾಗೆ ಮಾಡ್ಬೇಕು ಅಂತ್ಲೇ ಸೂಚನೆ ಇದೆ."

"ನಾನು ಕಾಲು ಗಂಟೆ ಕಳ್ದೆ ಮೇಡಂ."

"ಏನು?"

"ನಾನು ಇಲ್ಲೇ ಓದಿದ್ದು. ಅದು ಯಾವಾಗ್ಲೂ ಮುಂದಿರೋದು. ಹನ್ನೆರಡೂ ಇಪ್ಪತ್ತು ಅಂದ್ರೆ ಹನ್ನೆರಡೂ ಐದು ಅಂತ ಕೂತಿದ್ದೆ." ಗಗನಾ ಅಡಿಯ ಪ್ರತಿಯನ್ನು ಅವಳ ಮುಂದೆ ಹಿಡಿದಳು. ಕೊನೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಳಿ. "ಇವೆಲ್ಲ ನಂಗೆ ಗೊತ್ತಿತ್ತು. ಬರ್ದಿಟ್ಟಿದ್ದೆ."

ಪ್ರೇಮಲತಾ ಹಾಳೆ ನೋಡಿದಳು. ಗಡಿಯಾರ ನೋಡಿದಳು. ಅವಳ ಮುಖದಲ್ಲಿ ವಿಷಯ ಅರ್ಥವಾದದ್ದು ಕಾಣಿಸಿತು. ಆಮೇಲೆ ಅದು ಕೋಪವಾಯಿತು. ಯಾರ ಮೇಲೆ ಎಂದು ಅವಳಿಗೂ ಗೊತ್ತಿರಲಿಲ್ಲ.

"ನನ್ನ ಕೇಳ್ಬಹುದಿತ್ತಲ್ಲ ನೀವು!"

"ಯಾರೂ ಮಾತಾಡೋ ಹಾಗಿಲ್ಲ ಅಂದ್ರಿ. ಬೋರ್ಡಲ್ಲಾದ್ರೂ ಬರೀಬಹುದಿತ್ತು ನೀವು, ಗಡಿಯಾರ ಸರಿ ಮಾಡಿದೀನಿ ಅಂತ."

"ಸರಿಯಾಗಿರೋ ಗಡಿಯಾರ ಸರಿಯಾಗಿದೆ ಅಂತ ಯಾರಾದ್ರೂ ಬೋರ್ಡ್ ಮೇಲೆ ಬರೀತಾರಾ?"

ಗಗನಾ ಕರಿಹಲಗೆ ನೋಡಿದಳು. ಇಲ್ಲ, ಯಾರೂ ಬರೆಯುವುದಿಲ್ಲ.

ಕೇಂದ್ರದ ಮುಖ್ಯ ಅಧೀಕ್ಷಕ ಪರಮೇಶ್ವರಪ್ಪನವರ ಕೋಣೆಗೆ ಅವಳನ್ನು ಪ್ರೇಮಲತಾಳೇ ಕರೆದೊಯ್ದಳು. ಅವರು ಮಧ್ಯಾಹ್ನದ ಎರಡನೇ ಪ್ರಶ್ನೆಪತ್ರಿಕೆಯ ಪೆಟ್ಟಿಗೆಗೆ ಕಾಯುತ್ತ, ಊಟದ ಡಬ್ಬಿ ಬಿಚ್ಚಿಟ್ಟುಕೊಂಡು, ಅನ್ನ ಕಲಸದೆ ಕೂತಿದ್ದರು. ಪೂರ್ತಿ ಕೇಳಿದರು. ಅವರೂ ಈ ಕಡೆಯವರೇ. ಗಡಿಯಾರದ ವಿಷಯ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಗಡಿಯಾರ ತಪ್ಪಿತ್ತು ಅಂದಿದ್ರೆ ನಾನು ಈಗ್ಲೇ ಮೇಲಕ್ಕೆ ಬರೀತಿದ್ದೆ ಮಾರಾಯ್ತಿ," ಎಂದರು. "ತಪ್ಪಿತ್ತು, ಅಭ್ಯರ್ಥಿಗೆ ತೊಂದರೆ ಆಯ್ತು, ಅಂತ. ಈಗ ಎಂತ ಬರೀಲಿ? ಗಡಿಯಾರ ಸರಿ ಇತ್ತು, ಅದ್ರಿಂದ ತೊಂದರೆ ಆಯ್ತು ಅಂತ್ಲಾ?"

"ನನ್ನ ವಾಚ್ ನನ್ನತ್ರ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಸರ್."

"ಆಗ್ತಿರ್ಲಿಲ್ಲ, ನಿಜ. ಹಿಂದೆ ವಾಚ್ ಬಿಡ್ತಿದ್ವಿ. ಆಮೇಲೆ ಎಲ್ಲೋ ಒಬ್ಬ ವಾಚಲ್ಲೇ ಉತ್ತರ ತರಿಸ್ಕೊಂಡ. ಅವನು ಮಾಡಿದ್ದಕ್ಕೆ ನಿಂದೂ ಹೋಯ್ತು, ಎಲ್ಲರದ್ದೂ ಹೋಯ್ತು." ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಮುಚ್ಚಿ ತೆಗೆದರು. "ನಂದೂ ಮೊಬೈಲ್ ಬೀರೂಲಿದೆ ನೋಡು. ಮನೇಲಿ ಯಾರಾದ್ರೂ ಸತ್ರೂ ಸಂಜೆವರ್ಗೂ ನಂಗೆ ಗೊತ್ತಾಗಲ್ಲ."

"ನಂಗೆ ಆ ಮೂವತ್ತಾರು ಬೇಕು ಸರ್. ಹತ್ತು ನಿಮಿಷ ಸಾಕು."

"ಆಗಲ್ಲಮ್ಮ."

"ಗೊತ್ತು," ಎಂದಳು ಗಗನಾ. ಗೊತ್ತಿದ್ದೂ ಕೇಳಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

*

ಜೀಪು ಬಸ್‌ಸ್ಟ್ಯಾಂಡಿನ ಹಿಂದಿನ ಹಲಸಿನ ಮರದಡಿ ನಿಂತಿತ್ತು. ಯೋಗೇಶ್ ಹೋಟೆಲಿನಿಂದ ಕಡುಬು ಕಟ್ಟಿಸಿಕೊಂಡು ಬಂದಿದ್ದ. ವಿಷಯ ಕೇಳಿ ಮೊದಲು ನಕ್ಕ, ಅವಳ ಮುಖ ನೋಡಿ ನಿಲ್ಲಿಸಿದ.

"ಯಾವಳೇ ಅವ್ಳು, ಬಂದು ವರ್ಷ ಆಗಿಲ್ಲ, ನಮ್ ಗಡಿಯಾರ ತಿರುಗಿಸೋಕೆ?"

"ಅವ್ಳು ಮಾಡಿದ್ದು ಸರಿ."

"ಮತ್ತೆ ತಪ್ಪು ಯಾರ್ದು?"

"ಅದೇ ಸಿಗ್ತಿಲ್ಲ ನೋಡು." ಗಗನಾ ಕಡುಬನ್ನು ಮುರಿದು, ತಿನ್ನದೆ ಎಲೆಯ ಮೇಲೇ ಇಟ್ಟಳು. "ವಾಚ್ ಕಿತ್ಕೊಂಡೋಳದ್ದು ಸರಿ. ಗಡಿಯಾರ ತಿರುಗಿಸಿದೋಳದ್ದೂ ಸರಿ. ಬಸ್ಸಿಗೆ ಅಂತ ಮುಂದಿಟ್ಟ ಹೆಡ್‌ಮಾಸ್ಟರೂ ಸರಿಯೇ. ನಾನೂ ಸರಿಯಾಗೇ ಕಳ್ದೆ. ಒಬ್ಬನಾದ್ರೂ ತಪ್ಪು ಮಾಡಿದ್ರೆ ಬೈಬಹುದಿತ್ತು."

"ನನ್ನ ಬೈ ಅಕ್ಕ. ನಂಗೇನೂ ಬೇಜಾರಿಲ್ಲ." ಅವಳು ನಗದ್ದು ನೋಡಿ ದನಿ ತಗ್ಗಿಸಿದ. "ಹೋಗ್ಲಿ ಬಿಡು. ನಡಿ, ಮನೆಗೆ ಹೋಗಣ. ಎರಡೂ ಪೇಪರ್ ಕೂಡ್ಸಿ ತಾನೇ ನೋಡೋದು? ಬೆಳಿಗ್ಗಿಂದೇ ಹೋದ ಮೇಲೆ ಮಧ್ಯಾಹ್ನ ಯಾಕೆ ಸುಮ್ನೆ?"

ಅವನ ಲೆಕ್ಕ ಸರಿಯಿತ್ತು. ಮೂವತ್ತಾರು ಕಳೆದುಕೊಂಡವಳು ಮಧ್ಯಾಹ್ನ ನೂರಕ್ಕೆ ನೂರು ತೆಗೆದರೂ ಹಿಂದಿನ ಸಲ ಕೊನೆಯದಾಗಿ ಆಯ್ಕೆಯಾದವರ ಅಂಕ ಮುಟ್ಟುವುದು ಕಷ್ಟ. ಅವಳು ವಾಚನ್ನು ಕೇಳಿ ಪಡೆದು ಕಟ್ಟಿಕೊಂಡಳು. ಸ್ವಲ್ಪ ಹೊತ್ತು ಮುಳ್ಳನ್ನೇ ನೋಡುತ್ತ ಕೂತಳು. ಮನೆಗೆ ಹೋದರೆ ಅಪ್ಪ ಪತ್ರಿಕೆ ಹೇಗಿತ್ತು ಎಂದು ಕೇಳುತ್ತಾರೆ. ಚೆನ್ನಾಗಿತ್ತು ಎನ್ನಬೇಕು, ನಿಜವಾಗಿಯೂ ಚೆನ್ನಾಗಿಯೇ ಇತ್ತು.

ಕೊನೆಗೆ ಎದ್ದು ವಾಚನ್ನು ಮತ್ತೆ ಬಿಚ್ಚಿ ಅವನ ಕೈಗೆ ಕೊಟ್ಟಳು.

"ಹೋಗ್ತೀಯಾ?"

"ಹೂಂ. ಇದನ್ನೂ ಬಿಟ್ರೆ ಅದು ನನ್ನ ತಪ್ಪಾಗುತ್ತೆ. ಅದೊಂದಾದ್ರೂ ಬೇಡ."

ಗೇಟಿನಲ್ಲಿ ಮೇಘಶ್ರೀ ಬೆಳಿಗ್ಗೆಯ ಹಾಗೇ ತೋಳು ತಡವಿ, ಜಡೆ ಎತ್ತಿ ನೋಡಿ, ಬಾಟಲಿಯನ್ನು ಬಿಸಿಲಿಗೆ ಹಿಡಿದಳು. "ಪೆನ್ನು ಒಂದೇ ಇದೆಯಲ್ಲ?"

"ಇನ್ನೊಂದು ಬಿತ್ತು."

"ಒಳಗೆ ಯಾರ್ ಹತ್ರಾನೂ ಕೇಳೋ ಹಾಗಿಲ್ಲ. ಗೊತ್ತಲ್ಲ?" ಎಂದವಳು, ಗೇಟಿನಾಚೆಯ ಅಂಗಡಿ ಕಡೆ ಕೈ ತೋರಿಸಿದಳು. "ಹೋಗಿ ತಗೊಂಬನ್ನಿ. ನಿಮ್ಮ ಜಾಗ ಹಿಡ್ದಿರ್ತೀನಿ."

ಎಂಟನೇ ಕೋಣೆಯ ಬಾಗಿಲಿಗೆ ಬರುವಾಗ ಗಗನಾಳಿಗೆ ಹೊಸ ಭಯ ಹುಟ್ಟಿತು. ಊಟದ ಬಿಡುವಿನಲ್ಲಿ ಗುರುವಯ್ಯ ಏಣಿ ಹತ್ತಿ ಗಡಿಯಾರವನ್ನು ಮತ್ತೆ ಮುಂದಕ್ಕೆ ತಿರುಗಿಸಿರಬಹುದು. ನಾಳೆ ಸೋಮವಾರ, ಮಕ್ಕಳ ಬಸ್ಸು. ಅಥವಾ ಅವಳ ಮೇಲಿನ ಮರುಕದಿಂದಲೇ ತಿರುಗಿಸಿರಬಹುದು. ಈಗ ಆ ಮುಳ್ಳುಗಳಿಗೆ ಎರಡು ಅರ್ಥಗಳು, ಎರಡನ್ನೂ ನಂಬುವ ಹಾಗಿಲ್ಲ. ಬೆಳಿಗ್ಗೆ ಗೇಟಿನಲ್ಲಿ ವಾಚು ಹೋಗಿತ್ತು. ಈಗ ಗಡಿಯಾರವೂ ಹೋಗಿದೆ ಎನ್ನಿಸಿತು.

ಒಳಗೆ ಬಂದು ಕರಿಹಲಗೆ ನೋಡಿದಳು. ಆರಂಭ 2.30. ಮುಕ್ತಾಯ 4.30. ಅದರ ಕೆಳಗೆ, ಅದೇ ದುಂಡಗಿನ ಅಕ್ಷರದಲ್ಲಿ, ಅಡಿಗೆ ಎರಡು ಗೆರೆ ಎಳೆದು ಬರೆದಿತ್ತು:

ಗಡಿಯಾರ ಸರಿಯಾಗಿದೆ.

ಮುಂದಿನ ಬೆಂಚಿನಲ್ಲಿ, ಬೆಳಿಗ್ಗೆ ಅಂಗಿ ತೋಳು ಕತ್ತರಿಸಿಕೊಂಡಿದ್ದ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ. "ಇದೆಂತ ಮಾರಾಯ, ಗಡಿಯಾರ ಸರಿಯಾಗಿದೆಯಂತೆ. ಫ್ಯಾನ್ ತಿರುಗ್ತಿದೆ ಅಂತ್ಲೂ ಬರೀಬೇಕಿತ್ತು."

ಪಕ್ಕದವನು ನಕ್ಕ. ಪ್ರೇಮಲತಾ ಹಾಳೆಗಳ ಕಟ್ಟಿನಿಂದ ತಲೆ ಎತ್ತಿ, "ಯಾರೂ ಮಾತಾಡೋ ಹಾಗಿಲ್ಲ" ಎಂದಳು. ಗಗನಾಳ ಕಡೆ ನೋಡಲಿಲ್ಲ. ಬೆಳಿಗ್ಗೆ ಬಿದ್ದಿದ್ದ ಪೆನ್ನು ಕಿಟಕಿ ಪಕ್ಕದ ಬೆಂಚಿನ ಮೇಲೆ, ಮುಚ್ಚಳ ಹಾಕಿಸಿಕೊಂಡು ಕೂತಿತ್ತು.

ಗಂಟೆ ಹೊಡೆಯಿತು. ಈ ಸಲ ಗಗನಾ ಸೀಲು ಬಿಡಿಸುವ ಮೊದಲು ತಲೆ ಎತ್ತಿ ನೋಡಿದಳು. ಎರಡೂವರೆ. ಎರಡೂ ಕಾಲು, ಎಂದಿತು ತಲೆ. ಅಲ್ಲ, ಎರಡೂವರೆ. ಕಳೆದದ್ದನ್ನು ಮತ್ತೆ ಕೂಡಿಸಿ ಅವಳು ಪತ್ರಿಕೆ ಬಿಚ್ಚಿದಳು. ಆ ಮಧ್ಯಾಹ್ನ ಎಷ್ಟು ಸಲ ಮೇಲೆ ನೋಡಿದಳೋ ಅಷ್ಟೂ ಸಲ ತಲೆ ಮೊದಲು ಕಾಲು ಗಂಟೆ ಕಳೆಯಿತು. ಅಷ್ಟೂ ಸಲ ಅವಳು ಕರಿಹಲಗೆ ನೋಡಿ ಅದನ್ನು ಕೂಡಿಸಬೇಕಾಯಿತು.